ಉರಿ ತಗ್ಗಿದಾಗ ಕಿವಿಗೆ ಬಿದ್ದದ್ದು

"ಗುಟ್ಟಾ? ನಮ್ಮ ಅಂಗಡೀಲಾ?" ಟೀ ಅಂಗಡಿಯವರು ನಕ್ಕುಬಿಟ್ಟರು. "ಬರ್ನರ್ ಉರೀತಿರೋವಾಗ ಎದುರಿಗೆ ನಿಂತು ಟೀ ಕೇಳಿದ್ರೂ ಕೇಳ್ಸಲ್ಲ ಸಾರ್. ಒಂದೋ ಎರಡೋ ಅಂತ ಬೆರಳು ತೋರಿಸ್ತಾರೆ, ನಾನು ಕೊಡ್ತೀನಿ."

ನಾನು ಅವರನ್ನು ಕೇಳಿದ್ದು ಒಂದು ಸಣ್ಣಕಥೆಗಾಗಿ. ಸಣ್ಣ ಊರಿನ ಟೀ ಅಂಗಡಿಯವನೊಬ್ಬ, ದಿನಾ ಬೆಳಿಗ್ಗೆ ಅವನ ಕಿವಿಗೆ ಒಂದು ಗುಟ್ಟು ಬೀಳುತ್ತದೆ. ಬಸ್ಸಿನಲ್ಲಿ ಕೂತಿದ್ದಾಗ ಈ ಒಂದು ಸಾಲು ಹೊಳೆದಿತ್ತು. ಹೊಳೆದ ಸಾಲುಗಳ ಹಣೆಬರಹವೇ ಅದು: ಕೇಳಲು ಚೆನ್ನ, ನಡೆಸಹೊರಟರೆ ಕಾಲಿಲ್ಲ. ಮೂರು ಸಲ ಬರೆದು ಹರಿದೆ. ಕಥೆ ಓದುವವರಿಗೆ ಅದರ ಮೇಲುಮೈ ಮಾತ್ರ ಕಾಣುತ್ತದೆ. ಕಂಬಳಿ ತಿರುವಿ ಅಡಿಯ ಗಂಟುಗಳನ್ನು ತೋರಿಸುವ ಹಾಗೆ ಇಲ್ಲಿ ಆ ಕಥೆಯನ್ನೇ ಬಿಚ್ಚಿಡುತ್ತಿದ್ದೇನೆ.

ಮೊದಲ ಸಲ ಬರೆದಾಗ ಏಳು ಬೆಳಗು, ಏಳು ಗುಟ್ಟು. ಸೋಮವಾರ ಮೇಷ್ಟ್ರ ಗುಟ್ಟು, ಮಂಗಳವಾರ ಪೂಜಾರಿಯ ಗುಟ್ಟು, ಬುಧವಾರ ಓಡಿಹೋಗಲಿರುವ ಹುಡುಗಿಯದು. ವಾರ ಮುಗಿಯುವ ಹೊತ್ತಿಗೆ ಊರಿನವರೆಲ್ಲ ಬಂದು ಹೋಗಿದ್ದರು. ಗೆಳೆಯನೊಬ್ಬನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಎಲ್ಲಾ ಸರಿ ಮಾರಾಯ, ಆ ಟೀ ಅಂಗಡಿಯವನು ಯಾಕೆ ಬೇಕಿತ್ತು?" ಅಂದ.

ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಟೀ ಅಂಗಡಿಯವನನ್ನು ತೆಗೆದು ಆ ಜಾಗದಲ್ಲಿ ಕ್ಷೌರಿಕನನ್ನೋ ಬಸ್ ಕಂಡಕ್ಟರನ್ನೋ ಕೂರಿಸಿದ್ದರೂ ಒಂದು ಪದವೂ ಬದಲಾಗುತ್ತಿರಲಿಲ್ಲ. ಗುಟ್ಟುಗಳು ಅವನ ಕಿವಿಯ ಮೂಲಕ ಹಾದುಹೋಗುತ್ತಿದ್ದವು, ಅವನನ್ನು ಎಲ್ಲಿಯೂ ತಾಗುತ್ತಿರಲಿಲ್ಲ. ಕೇಳುವವನನ್ನು ಕಥೆಯಿಂದ ಎತ್ತಿ ನೋಡುವುದು, ಕಥೆ ಬೀಳುತ್ತದೋ ಇಲ್ಲವೋ ಗಮನಿಸುವುದು: ಈ ಜಾತಿಯ ಕಥೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಬೀಳದಿದ್ದರೆ ಅವನು ಬರೀ ಕಿಟಕಿ.

ಬೇತಾಳನ ಕಥೆಗಳು ಒಂದಾದ ಮೇಲೊಂದು ಬರುತ್ತವೆ, ಆದರೂ ಬೇಸರ ಬರುವುದಿಲ್ಲ. ಯಾಕೆಂದರೆ ಅಲ್ಲಿ ಪೇಚು ಕೇಳುವವನದು. ಉತ್ತರ ಗೊತ್ತಿದ್ದೂ ವಿಕ್ರಮ ಸುಮ್ಮನಿದ್ದರೆ ತಲೆ ಸಿಡಿದು ಹೋಳಾಗುತ್ತದೆ, ಬಾಯಿಬಿಟ್ಟರೆ ಬೇತಾಳ ಹಾರಿ ಮರಕ್ಕೆ ಹೋಗುತ್ತಾನೆ. ಗೊತ್ತಾಗಿದ್ದೇ ತಪ್ಪು ಎನ್ನುವಂಥ ಸ್ಥಿತಿ. ನನ್ನ ಟೀ ಅಂಗಡಿಯವನಿಗೆ ಬೇಕಾಗಿದ್ದುದು ಇಂಥದೇ ಒಂದು ಪೇಚು.

ಕನ್ನಡದಲ್ಲಿ ಇದಕ್ಕಿಂತ ಹತ್ತಿರದ ಒಂದು ಕಥೆ ಇದೆ. ಎ.ಕೆ. ರಾಮಾನುಜನ್ 1991ರಲ್ಲಿ ಹೊರತಂದ ಭಾರತದ ಜನಪದ ಕಥೆಗಳ ಸಂಕಲನದಲ್ಲಿ ಈ ಕನ್ನಡದ ಕಥೆಯನ್ನು ಸೇರಿಸಿದ್ದಾರೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೇ ಉಸಿರುಕಟ್ಟಿದ ಅವು ಒಂದು ದಿನ ಆಕೆ ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದು, ಗಂಡಸಿನ ಕೋಟು, ಜೋಡು ಆಗಿ ಮನೆಯಲ್ಲಿ ಕೂತುಬಿಟ್ಟವು. ಗಂಡ ಬಂದು ನೋಡಿದ. ಯಾರದು ಇದು? ಆಕೆಗೆ ಗೊತ್ತಿಲ್ಲ. ಜಗಳವಾಡಿ ಅವನು ಕಂಬಳಿ ತೆಗೆದುಕೊಂಡು ಹನುಮಂತನ ಗುಡಿಗೆ ಮಲಗಲು ಹೋದ. ಊರಿನ ದೀಪಗಳು ಆರಿದ ಮೇಲೆ ಅವುಗಳ ಕುಡಿಗಳೆಲ್ಲ ಆ ಗುಡಿಯಲ್ಲಿ ಸೇರಿ ಹರಟುತ್ತಿದ್ದವು. ತಡವಾಗಿ ಬಂದ ಒಂದು ದೀಪ ಅವನ ಮನೆಯದೇ. ಆ ಮನೆಯ ಜಗಳಕ್ಕೆ ಕಾರಣವೇನೆಂದು ಅದು ಉಳಿದವಕ್ಕೆ ಹೇಳುವಾಗ ಅವನಿಗೆ ಕೇಳಿಸಿತು. ಮನೆಗೆ ಬಂದು, "ಆ ಕಥೆ ಯಾವುದು, ಆ ಹಾಡು ಯಾವುದು?" ಎಂದು ಹೆಂಡತಿಯನ್ನು ಕೇಳಿದರೆ, ಅವಳಿಗೆ ಮರೆತೇ ಹೋಗಿತ್ತು.

ಗಿರೀಶ ಕಾರ್ನಾಡರ 'ನಾಗಮಂಡಲ'ದ ಆರಂಭದಲ್ಲಿ ಗುಡಿಗೆ ಬಂದು ಹರಟುವ ದೀಪಗಳಿಗೆ ಈ ಕಥೆಯೇ ಮೂಲ. ನಾಟಕ ನೋಡಿದವರಿಗೆ ಆ ದೃಶ್ಯ ನೆನಪಿರುತ್ತದೆ. ನನ್ನನ್ನು ಹಿಡಿದದ್ದು ಮಾತ್ರ ಮೂಲ ಕಥೆಯ ಕೊನೆ. ಅವನಿಗೆ ನಿಜ ಕೇಳಿಸಿತು, ಆದರೆ ಕೈಗೆ ಬರಲಿಲ್ಲ. ಮರೆಯಲ್ಲಿ ಕೇಳಿಸಿದ್ದಕ್ಕೆ ಯಾವಾಗಲೂ ಒಂದು ತುಂಡು ಕಡಿಮೆ. ಯಾರಿಗೆ, ಯಾಕೆ, ಮುಂದೇನು ಎಂದು ತಿರುಗಿ ಕೇಳುವ ಹಾಗಿಲ್ಲ, ಕೇಳಿದರೆ ಕೇಳಿಸಿಕೊಂಡದ್ದು ಗೊತ್ತಾಗಿಬಿಡುತ್ತದೆ. ಈ ಮಿತಿಯೇ ಕಥೆಗೆ ಬಂಡವಾಳ ಎಂದು ತಿಳಿಯಲು ನನಗೆ ಎರಡನೆಯ ಸಲ ಬರೆಯಬೇಕಾಯಿತು.

ಆಗ ಮತ್ತೆ ಅದೇ ಅಂಗಡಿಗೆ ಹೋದೆ, ಈ ಸಲ ಬೆಳಗಿನ ಐದಕ್ಕೆ. ಹಿಂದಿನ ಸಲ ಹೋದದ್ದು ಹನ್ನೊಂದು ಗಂಟೆಗೆ, ಅದೇ ತಪ್ಪಾಗಿತ್ತು. ಐದಕ್ಕೆ ಅವರು ಬರ್ನರ್ ಹಚ್ಚುತ್ತಾರೆ. ಸಿಲಿಂಡರಿನ ಕಿವಿ ಪೂರ್ತಿ ತಿರುಗಿಸಿದ ಮೇಲೆ ಏಳುವ ಆ ಭೋರ್ ಸದ್ದಿನಲ್ಲಿ ಪಕ್ಕದಲ್ಲಿ ಲಾರಿ ನಿಂತರೂ ಗೊತ್ತಾಗುವುದಿಲ್ಲ. ನೀರಿಗೆ ಪುಡಿ, ಸಕ್ಕರೆ, ಜಜ್ಜಿದ ಶುಂಠಿ ಬೀಳುತ್ತವೆ. ಅದು ಕುದಿದು ಕಪ್ಪಾಗುವಾಗ ಹಾಲು. ಒಂದು ಸಲ ಉಕ್ಕಿ ಬಂದಾಗ ಸೌಟಿನಿಂದ ಎತ್ತಿ ಎತ್ತಿ ಸುರಿಯುತ್ತಾರೆ, ಎರಡನೆಯ ಸಲ ಉಕ್ಕಿದಾಗ ಬಣ್ಣ ನೋಡಿ ಉರಿ ತಗ್ಗಿಸುತ್ತಾರೆ.

ಆ ಗಳಿಗೆಯಲ್ಲಿ ಬೀದಿ ಇದ್ದಕ್ಕಿದ್ದ ಹಾಗೆ ಹತ್ತಿರ ಬಂದುಬಿಟ್ಟಿತು. ತಗಡಿನ ಕಂಬಕ್ಕೆ ಒರಗಿದ್ದ ಇಬ್ಬರು ಅಷ್ಟು ಹೊತ್ತೂ ಸದ್ದಿನ ಮೇಲೆ ದನಿ ಎತ್ತಿ ಮಾತಾಡುತ್ತಿದ್ದವರು. ಸದ್ದು ನಿಂತದ್ದು ಅವರ ಗಮನಕ್ಕೆ ಬರಲಿಲ್ಲ. ಅರ್ಧ ವಾಕ್ಯ ಬೀದಿಗೆಲ್ಲ ಕೇಳುವಂತೆ ಬಿತ್ತು, ಉಳಿದರ್ಧ ನಾಚಿಕೊಂಡು ಪಿಸುಮಾತಾಯಿತು. ಅವರು ಆಡುತ್ತಿದ್ದುದು ಗೊಬ್ಬರದ ಚೀಲದ ವಿಷಯ, ಗುಟ್ಟೇನೂ ಅಲ್ಲ. ನನಗೆ ಬೇಕಾದದ್ದು ಮಾತ್ರ ಸಿಕ್ಕಿತು.

ದಿನಕ್ಕೆ ಒಂದೇ ಗುಟ್ಟು ಯಾಕೆ, ಅದೂ ಬೆಳಿಗ್ಗೆಯೇ ಯಾಕೆ ಎಂಬ ಪ್ರಶ್ನೆಗೆ ಮೊದಲೆರಡು ಸಲ ನನ್ನಲ್ಲಿ ಉತ್ತರವಿರಲಿಲ್ಲ. 'ವಿಧಿ' ಎಂದು ಬರೆದು ತಪ್ಪಿಸಿಕೊಂಡಿದ್ದೆ. ಈಗ ಕಾರಣ ಒಲೆಯಲ್ಲೇ ಇತ್ತು. ಉರಿ ತಗ್ಗುವುದಕ್ಕೂ ಮೊದಲ ಬಸ್ಸು ಬಂದು ಗಿರಾಕಿ ನುಗ್ಗುವುದಕ್ಕೂ ನಡುವೆ ಸುಮಾರು ಕಾಲು ಗಂಟೆ. ಆ ಕಾಲು ಗಂಟೆಯಲ್ಲಿ ಬರುವವರು ಬಸ್ಸಿಗೆ ಕಾಯುವವರಲ್ಲ. ಎರಡು ಕೋಣೆಯ ಮನೆಯಲ್ಲಿ ಹೆಂಡತಿ, ತಾಯಿ, ಮಕ್ಕಳ ನಡುವೆ ಆಡಲಾಗದ ಮಾತನ್ನು ಆಡಲು ಹೊರಗೆ ಬಂದವರು. ಬಸ್ಸು ಬಂದ ಮೇಲೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಹಾಗಾಗಿ ಒಂದೇ ಗುಟ್ಟು, ಬೆಳಿಗ್ಗೆಯೇ.

ಕಥೆಯನ್ನು ತಿಪಟೂರಿನಲ್ಲಿಟ್ಟೆ. ಕೊಬ್ಬರಿ ಮಾರುಕಟ್ಟೆಯ ಊರು, ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲಿದೆ. ಅಂಗಡಿಯವನಿಗೆ ರುದ್ರಣ್ಣ ಎಂದು ಹೆಸರಿಟ್ಟೆ. ಹೆಸರುಗಳೂ ಗುಟ್ಟೂ ನಾನು ಕಟ್ಟಿದವು, ಅದಕ್ಕೂ ಕಾರಣವಿದೆ. ಸಣ್ಣ ಊರಿನಲ್ಲಿ ಹೆಸರು ಬದಲಿಸಿದರೆ ಏನೂ ಬದಲಾಗುವುದಿಲ್ಲ. 'ಬಲಗಾಲು ಎಳೆದು ನಡೆಯುವ ನಿವೃತ್ತ ಗುಮಾಸ್ತರು' ಎಂದರೆ ಸಾಕು, ಇಡೀ ಊರು ಅವರ ಮನೆಯ ಕಡೆ ತಿರುಗುತ್ತದೆ. ಬೀದಿಯಲ್ಲಿ ಕೇಳಿದ ಮಾತಿನ ಧಾಟಿ ಎತ್ತಿಕೊಳ್ಳುತ್ತೇನೆ, ವಿಷಯ ಅಲ್ಲೇ ಬಿಟ್ಟು ಬರುತ್ತೇನೆ.

ಗುಟ್ಟಿಗೂ ಊರಿನ ವಾಸನೆ ಇರಬೇಕು. ಕೊಲೆ, ಓಡಿಹೋಗುವುದು, ಹೂತಿಟ್ಟ ಚಿನ್ನ ಎಲ್ಲ ಊರಿನಲ್ಲೂ ಒಂದೇ. ತಿಪಟೂರಿನ ಸೀಮೆಯಲ್ಲಿ ಮಾತ್ರ ಆಗಬಹುದಾದ ಕಳ್ಳತನ ಯಾವುದು? ಅಟ್ಟದಿಂದ ಕಾಯಿ ಕದಿಯುವುದು.

ಇಲ್ಲಿ ಕೊಬ್ಬರಿ ಆಗುವ ಬಗೆಯನ್ನು ಸ್ವಲ್ಪ ಹೇಳಬೇಕು, ಕಥೆ ನಿಂತಿರುವುದೇ ಅದರ ಮೇಲೆ. ಉಂಡೆ ಕೊಬ್ಬರಿಗೆ ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಹರಡಿ ಬಿಡುತ್ತಾರೆ. ಎಂಟು ತಿಂಗಳಿಂದ ಒಂದು ವರ್ಷದವರೆಗೆ ಅದು ಅಲ್ಲೇ ಇರುತ್ತದೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ, ತಿರುಳು ಒಣಗಿ ಕುಗ್ಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಆಯಿತೋ ಇಲ್ಲವೋ ತಿಳಿಯಲು ಒಡೆಯಬೇಕಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗೊತ್ತಾಗುತ್ತದೆ. ನೀರಿದ್ದರೆ ಗುಳುಗುಳು ಎನ್ನುತ್ತದೆ. ತಿರುಳು ಬಿಟ್ಟಿದ್ದರೆ ಉಂಡೆ ಒಳಗೆ ಉರುಳಿ ಗಡಗಡ ಎನ್ನುತ್ತದೆ. ಬ್ಯಾಂಕಿನಲ್ಲಿ ದುಡ್ಡಿಟ್ಟ ಹಾಗೆ ಮನೆಯವರು ಅಟ್ಟದ ಕಡೆ ನೋಡಿಕೊಂಡು ವರ್ಷ ಕಳೆಯುತ್ತಾರೆ. ಮಗಳ ಮದುವೆ, ಫೀಸು, ಕೈಸಾಲ ಎಲ್ಲಕ್ಕೂ 'ಕಾಯಿ ಇಳಿಸಿದ ಮೇಲೆ' ಎಂದೇ ವಾಯಿದೆ.

ಹೊರಗಿನಿಂದ ಇಡಿಯಾಗಿ ಕಾಣುವ ಚಿಪ್ಪು, ಒಳಗೆ ಏನೋ ಬಿಟ್ಟುಹೋಗಿದೆ, ಅದು ಕಿವಿಗೆ ಮಾತ್ರ ಗೊತ್ತು. ಟೀ ಅಂಗಡಿಯವನ ಕಥೆಗೆ ಇದಕ್ಕಿಂತ ಹೊಂದುವ ವಸ್ತು ಹುಡುಕಿದರೂ ಸಿಗುತ್ತಿರಲಿಲ್ಲ. ಸಿಕ್ಕಿದ್ದಕ್ಕೆ ಹೆಮ್ಮೆಪಟ್ಟು ಎರಡು ಪುಟ ವರ್ಣಿಸಿದ್ದೆ, ಆಮೇಲೆ ಮೂರು ಸಾಲಿಗೆ ಇಳಿಸಿದೆ.

ಈಗ ಗುಟ್ಟು ಹೇಗೆ ಕಿವಿಗೆ ಬೀಳಬೇಕು? ಎರಡನೆಯ ಸಲ ಬರೆದಾಗ ಮಗ ಲೋಕೇಶ ಗೂಡ್ಸ್ ಆಟೋದವನಿಗೆ ಹೀಗೆ ಹೇಳುತ್ತಿದ್ದ: "ನಮ್ಮಪ್ಪ ಹೊನ್ನಪ್ಪನವರಿಗೆ ಮಂಡಿ ನೋವು ಇರೋದರಿಂದ ಅಟ್ಟ ಹತ್ತಲ್ಲ. ಅವರಿಗೆ ಗೊತ್ತಾಗದ ಹಾಗೆ ಕಾಯಿ ಮಾರಿ ನನ್ನ ಸಾಲ ತೀರಿಸ್ತೀನಿ." ಓದುಗರಿಗೆ ಎಲ್ಲ ತಿಳಿಯಿತು, ಆದರೆ ಲೋಕದಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ಇಬ್ಬರಿಗೂ ಗೊತ್ತಿರುವ ಸಂಗತಿಯನ್ನು ಇಬ್ಬರಲ್ಲಿ ಒಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ. ಮೂರನೆಯವನಿಗೆ ಅರ್ಥವಾಗದಿರುವುದೇ ಅದಕ್ಕೆ. ಕೊನೆಗೆ ಉಳಿದದ್ದು ಇಷ್ಟು:

"ಮ್ಯಾಲಿನ್ ಸಾಲು ಮುಟ್ಬ್ಯಾಡ. ಕೆಳಗಿಂದ ತಗಿ."

"ಗೊತ್ತಾಗಲ್ವಾ?"

"ಮಂಡಿ. ಹತ್ತಲ್ಲ."

ರುದ್ರಣ್ಣನಿಗೆ ಇದರ ತಲೆಬುಡ ಗೊತ್ತಾಗುವುದಿಲ್ಲ. ಯಾರ ಮಂಡಿ, ಏನನ್ನು ಹತ್ತುವುದು? ಗ್ಲಾಸು ತೊಳೆಯುತ್ತ ಅದನ್ನು ತಿರುವಿ ಹಾಕುತ್ತಾನೆ. ಓದುಗರೂ ಅವನ ಜೊತೆ ತಿರುವಿ ಹಾಕುತ್ತಾರೆ. ಕೆಳಗಿನಿಂದ ತೆಗೆದರೂ ಮೇಲಿನದು ಹಾಗೇ ಕಾಣಬೇಕಾದ ವಸ್ತು ಯಾವುದು ಎಂದು ಅವರು ಹುಡುಕಲು ಶುರುಮಾಡಿದರೆ ನನ್ನ ಕೆಲಸ ಅರ್ಧ ಆದ ಹಾಗೆ.

ಎರಡನೆಯ ಬೆಳಗಿಗೆ ಮೊಬೈಲು ಒದಗಿತು. ಫೋನು ಬಂದ ಮೇಲೆ ಟೀ ಅಂಗಡಿಯಲ್ಲಿ ಅರ್ಧ ಸಂಭಾಷಣೆಗಳೇ ಹೆಚ್ಚು, ಕಥೆಗಾರನಿಗೆ ಇದೊಂದು ವರ. ಲೋಕೇಶ ಒಬ್ಬನೇ ಬರುತ್ತಾನೆ, ಬೆನ್ನು ತಿರುಗಿಸಿ ನಿಲ್ಲುತ್ತಾನೆ. "ಇಲ್ಲ ಸಾರ್... ಇನ್ನೆರಡು ದಿನ... ಆಗುತ್ತೆ ಸಾರ್... ಮನೆ ಹತ್ರ ಬರ್ಬ್ಯಾಡಿ ಸಾರ್, ಅಪ್ಪ ಇರ್ತಾರೆ." ಆ ಕಡೆಯ 'ಸಾರ್' ಯಾರು, ಬಾಕಿ ಎಷ್ಟು, ಯಾವುದಕ್ಕೆ ಆದ ಸಾಲ ಎಂಬುದನ್ನು ಕಥೆ ಕೊನೆಯವರೆಗೂ ಹೇಳುವುದಿಲ್ಲ. ರುದ್ರಣ್ಣನಿಗೆ ಗೊತ್ತಾಗಲು ದಾರಿಯಿಲ್ಲ, ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಓದುಗರ ಕಿವಿಯಲ್ಲಿ ಹೇಳಿದರೆ ಇಡೀ ಏರ್ಪಾಟೇ ಮುರಿದುಬೀಳುತ್ತದೆ.

ಆ ದಿನ ಏಳು ಗಂಟೆಗೆ ಎಂದಿನಂತೆ ಹೊನ್ನಪ್ಪನವರು ಬರುತ್ತಾರೆ. ಅರ್ಧ ಟೀ, ಸಕ್ಕರೆ ಕಡಿಮೆ. ಬೆಂಚಿನ ಮೇಲೆ ಕೂರುವಾಗ ಮಂಡಿ ಹಿಡಿದುಕೊಂಡು 'ಶಿವನೇ' ಎನ್ನುತ್ತಾರೆ. ಅಲ್ಲಿಗೆ ಎರಡು ದಿನದ ತುಂಡುಗಳು ರುದ್ರಣ್ಣನ ತಲೆಯಲ್ಲಿ ಕೂಡಿಕೊಳ್ಳುತ್ತವೆ. ಅವನು ಏನೂ ಹೇಳುವುದಿಲ್ಲ, ಅವರಿಗೆ ಅರ್ಧದ ಬದಲು ಪೂರ್ತಿ ಟೀ ಕೊಡುತ್ತಾನೆ. "ಏನ್ಲಾ ಇದು?" ಎಂದರೆ "ಮಿಕ್ಕಿತ್ತು ಯಜಮಾನ್ರೇ" ಎನ್ನುತ್ತಾನೆ.

ಮೂರನೆಯ ಬೆಳಗು ಬರೆಯುವಾಗ ಒಂದು ಸಂಗತಿ ಗಮನಕ್ಕೆ ಬಂತು. 'ಕಿವಿಗೆ ಬಿತ್ತು', 'ಕೇಳಿಸಿಕೊಂಡ', 'ಕದ್ದು ಕೇಳಿದ' ಎಂಬ ಮೂರು ಮಾತುಗಳಿಗೆ ಕನ್ನಡದಲ್ಲಿ ಮೂರು ತೂಕ. ಮೊದಲನೆಯದರಲ್ಲಿ ತಪ್ಪಿಲ್ಲ, ಮಳೆ ಬಿದ್ದ ಹಾಗೆ ಬಿತ್ತು. ಎರಡನೆಯದರಲ್ಲಿ ಮನಸ್ಸು ಒಪ್ಪಿದೆ. ಮೂರನೆಯದು ಕಳ್ಳತನ, ಪದದಲ್ಲೇ ಹಾಗಿದೆ. ನನ್ನ ಮೂರು ಬೆಳಗುಗಳು ಇದೇ ಮೂರು ಮೆಟ್ಟಿಲು ಎಂದು ಹೊಳೆದ ಮೇಲೆ ಏಳು ದಿನದ ಆಸೆ ಬಿಟ್ಟುಬಿಟ್ಟೆ. ಗುಟ್ಟು ದಿನಕ್ಕೊಂದೇ, ಆದರೆ ಮೂರೂ ಒಂದೇ ಗುಟ್ಟಿನ ಚೂರುಗಳು. ಬೆಳೆಯುವುದು ಗುಟ್ಟಲ್ಲ, ಕೇಳುವವನ ಪಾಲು.

ಮೂರನೆಯ ಬೆಳಗು ರುದ್ರಣ್ಣ ಲೋಕೇಶನ ಬೈಕು ತಿರುವಿನಲ್ಲಿ ಕಂಡ ಕೂಡಲೇ ಉರಿ ತಗ್ಗಿಸುತ್ತಾನೆ. ಹಾಲು ಹಾಕಿ ಎರಡು ನಿಮಿಷವೂ ಆಗಿಲ್ಲ, ಒಂದು ಉಕ್ಕೂ ಬಂದಿಲ್ಲ. ಅಂಗಡಿ ಇಟ್ಟ ಮೇಲೆ ಮೊದಲ ಸಲ ಅವನು ಟೀಗಾಗಿ ಅಲ್ಲದೆ ಕಿವಿಗಾಗಿ ಉರಿ ತಗ್ಗಿಸಿದ್ದು. "ಇನ್ನೊಂದೇ ಲೋಡು. ಆಮ್ಯಾಲ್ ಸಿಪ್ಪೆ ತುಂಬ್ಬಿಡಾದು," ಎಂಬ ಮಾತು ಕೇಳಿಸುತ್ತದೆ. ಬಸ್ಸಿನಿಂದ ಇಳಿದವರು ಟೀ ಬಾಯಿಗಿಟ್ಟು, "ಏನಣ್ಣ, ಇವತ್ತು ನೀರು ನೀರು?" ಎನ್ನುತ್ತಾರೆ. ಬಣ್ಣವೇ ಬಂದಿಲ್ಲ. ಅವನ ತಪ್ಪನ್ನು ಊರಿನವರೆಲ್ಲ ಹತ್ತು ರೂಪಾಯಿ ಕೊಟ್ಟು ಕುಡಿದರು ಎಂದು ಬರೆದಿದ್ದೆ. ಚೆಂದದ ವಾಕ್ಯ, ಆದ್ದರಿಂದಲೇ ಹೊಡೆದುಹಾಕಿದೆ. ನೀರು ನೀರು ಎಂದದ್ದೇ ಸಾಕು.

ಇನ್ನೂ ಒಂದು ಬಾಕಿ ಇತ್ತು. ಕದ್ದು ಕೇಳಿದ ಮಾತ್ರಕ್ಕೆ ರುದ್ರಣ್ಣ ಯಾಕೆ ಬಾಯಿ ಮುಚ್ಚಿಕೊಂಡಿರಬೇಕು? ಏಳು ಗಂಟೆಗೆ ಯಜಮಾನರು ಬಂದಾಗ ಹೇಳಿಬಿಟ್ಟರೆ ಕಥೆ ಮುಗಿಯಿತಲ್ಲ? ಅವನ ಬಾಯಿಗೆ ಬೀಗ ಹಾಕಲು ಹೆದರಿಕೆ, ಬೆದರಿಕೆ ಎಲ್ಲ ಯೋಚಿಸಿದೆ. ಯಾವುದೂ ಟೀ ಅಂಗಡಿಯದಲ್ಲ, ಸಿನಿಮಾದವು. ಟೀ ಅಂಗಡಿಯಲ್ಲೇ ಇರುವ, ದಾರದಲ್ಲಿ ಕಟ್ಟಿ ಮೊಳೆಗೆ ನೇತುಹಾಕಿದ ಒಂದು ವಸ್ತು ಕಣ್ಣೆದುರೇ ಇತ್ತು: ಸಾಲದ ಪುಸ್ತಕ.

ಅದೇ ಬೆಳಿಗ್ಗೆ ಟೀ ಕುಡಿದು ಮುಗಿಸಿದ ಲೋಕೇಶ ಹತ್ತಿರ ಬಂದು, "ನಂದು ಎಷ್ಟಾಗೈತೆ ನೋಡಣ್ಣ" ಎನ್ನುತ್ತಾನೆ. ಟೀ, ಸಿಗರೇಟು, ಬನ್ನು ಎಲ್ಲ ಸೇರಿ 1,840 ರೂಪಾಯಿ. ಎಷ್ಟು ಸಲ ಕೇಳಿದರೂ 'ಬರ್ಕೊಳ್ಳಣ್ಣ' ಎನ್ನುತ್ತಿದ್ದ ಹುಡುಗ ಐನೂರರ ನಾಲ್ಕು ನೋಟು ಎಣಿಸಿ ಕೊಡುತ್ತಾನೆ. ರುದ್ರಣ್ಣ ಗಲ್ಲಾದಲ್ಲಿ ಚಿಲ್ಲರೆ ತಡಕಾಡುತ್ತಾನೆ. "ಇರ್ಲಿ ಬಿಡಣ್ಣ, ಲೆಕ್ಕದಲ್ಲಿಟ್ಕೋ."

ಲೋಕೇಶನಿಗೆ ಗೊತ್ತಿತ್ತೇ, ರುದ್ರಣ್ಣ ಕೇಳಿಸಿಕೊಂಡದ್ದು? ನಾನು ಹೇಳುವುದಿಲ್ಲ. ಕೊಟ್ಟದ್ದು ಬಾಯಿ ಮುಚ್ಚಿಸುವ ದುಡ್ಡೋ, ಸಾಲ ತೀರಿಸುವ ದುಡ್ಡೋ? ನೋಟಿನ ಮೇಲೆ ಬರೆದಿರುವುದಿಲ್ಲ. ಆದರೆ ಆ ದುಡ್ಡು ಎಲ್ಲಿಂದ ಬಂತೆಂದು ಗೊತ್ತಿದ್ದೂ ರುದ್ರಣ್ಣ ತೆಗೆದುಕೊಂಡ, ಪುಟದ ಮೇಲೆ ಅಡ್ಡಗೆರೆ ಎಳೆದ. ಈಗ ಯಜಮಾನರಿಗೆ ಹೇಳಿದರೆ ತನ್ನ 1,840ನ್ನೂ ಹೇಳಬೇಕು. ಮಿಕ್ಕ ನೂರ ಅರವತ್ತಂತೂ ಯಾವ ಲೆಕ್ಕಕ್ಕೂ ಸೇರದೆ ಗಲ್ಲಾದಲ್ಲಿ ಉಳಿದಿದೆ.

ಕೇಳಿದವನನ್ನು ಕೊನೆಗೆ ತನ್ನದೇ ಗುಟ್ಟಿನ ಎದುರು ನಿಲ್ಲಿಸುವುದು ಹೊಸದೇನಲ್ಲ. ಅಮೆರಿಕದ ಜಾನ್ ಚೀವರ್ 1947ರಲ್ಲಿ ಬರೆದ ಒಂದು ಕಥೆಯಲ್ಲಿ ನ್ಯೂಯಾರ್ಕಿನ ದಂಪತಿ ದೊಡ್ಡದೊಂದು ರೇಡಿಯೋ ಕೊಳ್ಳುತ್ತಾರೆ, ಅದರಲ್ಲಿ ಹಾಡಿನ ಬದಲು ಅಕ್ಕಪಕ್ಕದ ಮನೆಗಳ ಜಗಳ, ಸಾಲ, ಅಳು ಕೇಳಿಸತೊಡಗುತ್ತದೆ. ಹೆಂಡತಿಗೆ ಅದರ ಗೀಳು ಹತ್ತುತ್ತದೆ. ನಾವು ಹಾಗಲ್ಲ ಅಲ್ಲವಾ ಎಂದು ಗಂಡನನ್ನು ಮತ್ತೆ ಮತ್ತೆ ಕೇಳುತ್ತಾಳೆ. ಕೊನೆಗೆ ಗಂಡ ರೇಗಿ ಅವಳ ಹಳೆಯ ತಪ್ಪುಗಳನ್ನೇ ಒಂದೊಂದಾಗಿ ಕೂಗಿ ಹೇಳುತ್ತಾನೆ. ಚೀವರ್ ಅದನ್ನು ಮಾಡಿದ್ದು ಎಷ್ಟು ಗಟ್ಟಿಯಾಗಿದೆಯೆಂದರೆ, ಆಮೇಲೆ ಬಂದವರೆಲ್ಲ ಅದೇ ಬಾಗಿಲಲ್ಲಿ ನುಗ್ಗುತ್ತಾರೆ. 'ಕೊನೆಯ ದಿನ ಕಿವಿಗೆ ಬಿದ್ದ ಗುಟ್ಟು ಅವನ ಸ್ವಂತ ಹೆಂಡತಿಯದೇ' ಎಂಬ ಮುಕ್ತಾಯವನ್ನು ನನಗೆ ಸೂಚಿಸಿದವರು ಕಡಿಮೆಯೆಂದರೆ ಐದು ಮಂದಿ. ಕಥೆ ಹೇಳಿ ಮುಗಿಸುವ ಮೊದಲೇ ಓದುಗರಿಗೆ ಗೊತ್ತಾಗುವ ಗುಟ್ಟು ಅದು. ರುದ್ರಣ್ಣನದು ಇಷ್ಟು ದೊಡ್ಡದಲ್ಲ. ಒಂದು ಅಡ್ಡಗೆರೆ, ನೂರ ಅರವತ್ತು ರೂಪಾಯಿ. ಸಣ್ಣದಾಗಿರುವುದರಿಂದಲೇ ಅದನ್ನು ಕಿತ್ತೆಸೆಯಲು ಬರುವುದಿಲ್ಲ, ಉಗುರಿನ ಸಂದಿಯ ಮುಳ್ಳಿನ ಹಾಗೆ.

ಟೀ ಅಂಗಡಿಯವನನ್ನು ಜ್ಞಾನಿಯಾಗಿ ಮಾಡುವ ಚಪಲವೂ ಇದೇ ಘಟ್ಟದಲ್ಲಿ ಕಾಡುತ್ತದೆ. ಬಡವ, ಬೆಳಿಗ್ಗೆ ಬೇಗ ಏಳುತ್ತಾನೆ, ಕಡಿಮೆ ಮಾತಾಡುತ್ತಾನೆ. ಹಾಗಿದ್ದ ಮೇಲೆ ದೊಡ್ಡ ಮಾತು ಹೇಳಲೇಬೇಕು ಎಂದು ನಮಗೆ ಅನಿಸಿಬಿಡುತ್ತದೆ. ನನ್ನ ಎರಡನೆಯ ಪ್ರತಿಯಲ್ಲಿ ಅವನು "ಮನುಷ್ಯನ ಮನಸ್ಸು ಹಾಲಿದ್ದ ಹಾಗೆ" ಎಂದೇನೋ ಹೇಳಿದ್ದ. ಆ ಪುಟವನ್ನು ನಿಜವಾದ ಅಂಗಡಿಯವರಿಗೆ ಓದಿದೆ. ಅವರು ಗಂಭೀರವಾಗಿ ಕೇಳಿ, "ಇವನು ಯಾಪಾರ ಮಾಡ್ತಾನಾ ಸಾರ್?" ಅಂದರು.

ಕೊನೆ ಹೀಗಿದೆ. ನಾಲ್ಕೈದು ದಿನ ಕಳೆದ ಮೇಲೆ ಹೊನ್ನಪ್ಪನವರು ಅಂಗಡಿಗೆ ಬಂದು, "ರುದ್ರ, ಮಧ್ಯಾಹ್ನ ಒಂದ್ ಗಳಿಗೆ ಮನೆ ಕಡೆ ಬಾರ್ಲಾ. ಅಟ್ಟ ಹತ್ತಿ ಒಂದೆರಡು ಕಾಯಿ ಅಲ್ಲಾಡಿಸಿ ನೋಡು. ನನ್ ಕೈಲಿ ಆಗಲ್ಲ" ಎನ್ನುತ್ತಾರೆ. ಮಗನಿಗೆ ಯಾಕೆ ಹೇಳಲಿಲ್ಲ ಎಂದು ಇವನು ಕೇಳುವುದಿಲ್ಲ. ಅವರೂ ಹೇಳುವುದಿಲ್ಲ.

ಏಣಿ ಹತ್ತಿ ತಲೆ ತೂರಿಸಿದರೆ ಹೆಂಚಿನ ಸಂದಿಯ ಬೆಳಕು, ಧೂಳು, ಒಣ ಕಾಯಿಯ ಎಣ್ಣೆಯಂಥ ವಾಸನೆ. ಅಟ್ಟದ ತುಂಬ ಕಾಯಿ ಕಾಣುತ್ತದೆ. ರುದ್ರಣ್ಣ ಒಂದನ್ನು ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸುತ್ತಾನೆ. ಗಡಗಡ. ಚೆನ್ನಾಗಿ ಬಿಟ್ಟಿದೆ. ಅದಿದ್ದ ಜಾಗದಲ್ಲಿ ಕೈ ಇಳಿಬಿಡುತ್ತಾನೆ. ಮೊಣಕೈವರೆಗೂ ಬರೀ ಸಿಪ್ಪೆ.

ಕೆಳಗಿನಿಂದ ಯಜಮಾನರು ಕೇಳುತ್ತಾರೆ: "ಸದ್ದು ಬಂತೇನ್ಲಾ?"

"ಬಂತು ಯಜಮಾನ್ರೇ."

ಅವರು ಕೇಳಿದ್ದು ಸದ್ದನ್ನು ಮಾತ್ರ. ಎಷ್ಟು ಕಾಯಿ ಇದೆ ಎಂದು ಕೇಳಲಿಲ್ಲ. ರುದ್ರಣ್ಣ ಹೇಳಿದ್ದರಲ್ಲಿ ಸುಳ್ಳಿಲ್ಲ. ಕಾಯನ್ನು ಮೊದಲಿದ್ದ ಹಾಗೇ, ತೊಟ್ಟು ಮೇಲೆ ಮಾಡಿ ಇಟ್ಟು ಇಳಿದು ಬರುತ್ತಾನೆ. ಯಜಮಾನರು ಜೇಬಿಗೆ ಕೈ ಹಾಕಿ ಒಂದು ಹತ್ತರ ನೋಟು ತೆಗೆದು, ಆವತ್ತಿನ ಪೂರ್ತಿ ಟೀದು ಎಂದು ಅವನ ಕೈಯಲ್ಲಿಡುತ್ತಾರೆ.

ಗೆಳೆಯನಿಗೆ ಈ ಮೂರನೆಯ ಪ್ರತಿ ಓದಿದಾಗ ಅವನಿಗೆ ತೃಪ್ತಿಯಾಗಲಿಲ್ಲ. ಮುದುಕನಿಗೆ ಗೊತ್ತಿತ್ತೋ ಇಲ್ಲವೋ, ಒಂದು ಕಡೆ ಹೇಳು ಎಂದು ಹಟಹಿಡಿದ. ನನಗೂ ರುದ್ರಣ್ಣನಿಗೆ ತಿಳಿದಷ್ಟೇ ತಿಳಿದಿದೆ ಎಂದೆ. ಒಂದು ಸಾಲು ಮಾತ್ರ ಆಮೇಲೆ ಸೇರಿಸಿದೆ, ಅದೂ ಆ ಅಂಗಡಿಯ ಮುಂದೆ ಐದು ಗಂಟೆಯ ಚಳಿಯಲ್ಲಿ ನಿಂತಿದ್ದಾಗ ಸಿಕ್ಕಿದ್ದು. ಮರುದಿನ ಬೆಳಿಗ್ಗೆ ಎರಡನೆಯ ಉಕ್ಕು ಬಂದ ಮೇಲೆ ರುದ್ರಣ್ಣ ಟೀ ಪಾತ್ರೆ ಕೆಳಗಿಳಿಸಿ, ಯಾರಿಗೂ ಬೇಡದ ಒಂದು ದೊಡ್ಡ ಪಾತ್ರೆ ನೀರನ್ನು ಬರ್ನರ್ ಮೇಲಿಟ್ಟ. ಬಸ್ಸು ಬರುವವರೆಗೂ ಉರಿ ತಗ್ಗಿಸಲಿಲ್ಲ.